ಮೂವರು ಮಕ್ಕಳು, ಒಂದೇ ಫೋನ್: ಶಾಲೆ ಮುಚ್ಚಿದಾಗ ಬಾಯಿಮಾತಿನಲ್ಲಿ, ಕಾಗದದಲ್ಲಿ ದಿನದ ಪಾಠ ನಡೆಸುವುದು ಹೇಗೆ

ಶಾಲೆ ತಿಂಗಳುಗಟ್ಟಲೆ ಮುಚ್ಚಿದಾಗ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಫೋನ್. ಅದು ಬೆಳಗ್ಗೆ ನನ್ನ ಜೊತೆ ಕೆಲಸಕ್ಕೆ ಹೋಗುತ್ತಿತ್ತು, ಸಂಜೆ ನನ್ನ ಜೊತೆಗೇ ಬರುತ್ತಿತ್ತು. ಮಕ್ಕಳು ಮೂವರು: ದೊಡ್ಡವಳು 8ನೇ ತರಗತಿ, ನಡುವಿನವನು 4ನೇ ತರಗತಿ, ಚಿಕ್ಕವಳು 1ನೇ ತರಗತಿ. ಹಗಲು ಮನೆಯಲ್ಲಿ ಇರುತ್ತಿದ್ದವರು ಅವರ ಅಜ್ಜಿ ಒಬ್ಬರೇ. ಅಜ್ಜಿಗೆ ಓದು ಬರಹ ಬರುವುದಿಲ್ಲ.

ಮೊದಲ ವಾರ ನಾನು ಮಾಡಿದ ತಪ್ಪು ಏನೆಂದರೆ, ಫೋನನ್ನು ಸಮನಾಗಿ ಹಂಚಿದ್ದು. ಒಬ್ಬೊಬ್ಬರಿಗೆ 20 ನಿಮಿಷ. ದೊಡ್ಡವಳ ವಿಡಿಯೋ ಅರ್ಧ ತೆರೆಯುವಷ್ಟರಲ್ಲಿ ಅವಳ ಸಮಯ ಮುಗಿಯುತ್ತಿತ್ತು. ಚಿಕ್ಕವಳು ಚಿತ್ರ ನೋಡಿ ಖುಷಿಪಟ್ಟು ಮಲಗುತ್ತಿದ್ದಳು. ಮರುದಿನ ಹಗಲಿಡೀ ಮೂವರ ಕೈಯೂ ಖಾಲಿ. ಫೋನ್ ಇರುವ ಒಂದು ಗಂಟೆಯಲ್ಲೇ ಕಲಿಕೆ ಮುಗಿಸಬೇಕು ಅಂತ ಹೊರಟಿದ್ದೆ, ಫೋನ್ ಇಲ್ಲದ ಇಡೀ ಹಗಲನ್ನು ಸುಮ್ನೆ ಬಿಟ್ಟಿದ್ದೆ.

ಆಮೇಲೆ ಲೆಕ್ಕ ತಿರುಗಿಸಿದೆವು. ಫೋನ್ ಅಂದರೆ ತರಗತಿ ಅಲ್ಲ, ಅಂಚೆ ಚೀಲ. ಸಂಜೆ ಕೆಲಸ ಒಳಗೆ ಬರುತ್ತದೆ, ಮಾಡಿದ್ದು ಹೊರಗೆ ಹೋಗುತ್ತದೆ. ಪಾಠ ನಡೆಯುವುದು ಮರುದಿನ ಹಗಲಲ್ಲಿ, ಬಾಯಲ್ಲಿ ಮತ್ತು ಕಾಗದದಲ್ಲಿ. ಅದನ್ನು ಹೇಗೆ ಮಾಡಿದೆವು ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲ ಎರಡು ದಿನ: ಮಗು ಎಲ್ಲಿ ನಿಂತಿದೆ ನೋಡಿ

ಪಾಠ ಶುರು ಮಾಡುವ ಮೊದಲು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಓದಿಸಿ. ಭಾರತದಲ್ಲಿ 2005ರಲ್ಲಿ ಶುರುವಾದ ಅಸರ್ ಸಮೀಕ್ಷೆ ಮನೆಮನೆಗೆ ಹೋಗಿ ಮಕ್ಕಳ ಓದನ್ನು ನೋಡುವುದು ಹೀಗೆಯೇ. ಅಕ್ಷರ, ಪದ, ಸಣ್ಣ ಪ್ಯಾರಾ, ಪುಟ್ಟ ಕಥೆ, ಹೀಗೆ ನಾಲ್ಕು ಮೆಟ್ಟಿಲು. ಮಗು ಸಲೀಸಾಗಿ ಹತ್ತುವ ಕೊನೆಯ ಮೆಟ್ಟಿಲೇ ಅದು ನಿಂತಿರುವ ಜಾಗ. ಲೆಕ್ಕಕ್ಕೂ ಹಾಗೆಯೇ. ಒಂದಂಕಿ ಗುರುತಿಸುವುದು, ಎರಡಂಕಿ ಗುರುತಿಸುವುದು, ದಶಕ ತೆಗೆದುಕೊಂಡು ಕಳೆಯುವುದು, ಭಾಗಿಸುವುದು.

ಕನ್ನಡ ಓದಿಸುವಾಗ ಇನ್ನೊಂದು ಸೂಕ್ಷ್ಮ ಇದೆ. ‘ಮರ’, ‘ಗಿಡ’, ‘ಕಾಲು’ ಓದುವ ಮಗು ‘ಅಕ್ಕ’ ಅಥವಾ ‘ಪುಸ್ತಕ’ ಬಂದ ತಕ್ಷಣ ನಿಲ್ಲಬಹುದು. ಹಾಗೆ ನಿಂತರೆ ಮಗುವಿಗೆ ಓದು ಬರುವುದಿಲ್ಲ ಅಂತಲ್ಲ, ಒತ್ತಕ್ಷರ ಇನ್ನೂ ಬಂದಿಲ್ಲ ಅಂತ. ಕಾಗುಣಿತದಲ್ಲಿ ಎಡವುವುದು ಬೇರೆ, ಒತ್ತಿನಲ್ಲಿ ಎಡವುವುದು ಬೇರೆ. ಎಲ್ಲಿ ಎಡವಿತು ಅಂತ ಒಂದು ಹಾಳೆಯ ಮೇಲೆ ತಾರೀಕು ಹಾಕಿ ಬರೆದಿಡಿ. ಆ ಹಾಳೆ ಕೊನೆಯವರೆಗೂ ಬೇಕು.

ಇದನ್ನು ಪರೀಕ್ಷೆಯ ಹಾಗೆ ಮಾಡಬೇಡಿ. ಇನ್ನೊಂದು ಮಗುವಿನ ಮುಂದೆಯೂ ಓದಿಸಬೇಡಿ. ತಂಗಿ ಕೇಳಿಸಿಕೊಳ್ಳುತ್ತಿದ್ದಾಳೆ ಅಂದರೆ ಅಣ್ಣ ಗೊತ್ತಿಲ್ಲದ ಪದವನ್ನು ಊಹೆ ಮಾಡಿ ಬೇಗ ಬೇಗ ದಾಟಿಬಿಡುತ್ತಾನೆ. ಆಗ ನಿಮಗೆ ನಿಜ ತಿಳಿಯುವುದಿಲ್ಲ.

ಸಂಜೆಯ ಒಂದು ಗಂಟೆ

ಫೋನ್ ಕೈಗೆ ಬಂದಾಗ ಮೊದಲ 10 ನಿಮಿಷ ಯಾವ ವಿಡಿಯೋವನ್ನೂ ತೆರೆಯಬೇಡಿ. ಮೂರೂ ತರಗತಿಯ ಸಂದೇಶಗಳನ್ನು ಮೇಲಿಂದ ಕೆಳಗೆ ಓದಿ, ಕೆಲಸಗಳನ್ನು ಮಾತ್ರ ಚೀಟಿಗೆ ಇಳಿಸಿ. ನಮ್ಮಲ್ಲಿ ದೊಡ್ಡವಳು ಓದುತ್ತಿದ್ದಳು, ನಾನು ಬರೆಯುತ್ತಿದ್ದೆ. ಒಬ್ಬೊಬ್ಬರಿಗೆ ಒಂದು ಚೀಟಿ, ಚೀಟಿಯಲ್ಲಿ ಮೂರೇ ಸಾಲು. ಬಾಯಲ್ಲಿ ಏನು ಮಾಡಬೇಕು, ಕಾಗದದಲ್ಲಿ ಏನು ಮಾಡಬೇಕು, ಸಂಜೆ ನಾನು ಏನು ಕೇಳುತ್ತೇನೆ.

ಮೂರನೇ ಸಾಲನ್ನು ಬಿಡಬೇಡಿ. ‘ಪಾಠ 5 ಓದು’ ಅಂತ ಬರೆದರೆ ಮಗು ಕಣ್ಣಾಡಿಸಿ ಪುಸ್ತಕ ಮುಚ್ಚುತ್ತದೆ. ‘ಪಾಠ 5 ಓದು, ಅದರಲ್ಲಿ ಹುಡುಗ ಯಾಕೆ ವಾಪಸ್ ಬಂದ ಅಂತ ಸಂಜೆ ಹೇಳು’ ಅಂತ ಬರೆದರೆ ಓದುವ ರೀತಿಯೇ ಬೇರೆ.

ಮುಂದಿನ 40 ನಿಮಿಷ ಫೋನಿನಲ್ಲೇ ಆಗಬೇಕಾದ ಕೆಲಸಕ್ಕೆ. ಅದನ್ನು ವಯಸ್ಸು ನೋಡಿ ಹಂಚಬೇಡಿ, ಸಮನಾಗಿಯೂ ಹಂಚಬೇಡಿ. ಪಠ್ಯಪುಸ್ತಕದಲ್ಲೇ ಇರುವುದಕ್ಕೆ ಫೋನ್ ಬೇಡ. ಹೊಸ ಲೆಕ್ಕದ ವಿವರಣೆ, ರೇಖಾಗಣಿತದ ರಚನೆ, ಇಂಗ್ಲಿಷ್ ಉಚ್ಚಾರಣೆ ಇಂಥವಕ್ಕೆ ಬೇಕು. ಒಂದು ದಿನ ಪೂರ್ತಿ 40 ನಿಮಿಷ ದೊಡ್ಡವಳಿಗೇ ಹೋಗಬಹುದು. ಯಾರಿಗೆ ಎಷ್ಟು ಹೋಯಿತು ಅಂತ ಗೋಡೆಯ ಮೇಲಿನ ಹಾಳೆಯಲ್ಲಿ ಗೀಟು ಹಾಕುತ್ತಿದ್ದರೆ ವಾರದ ಕೊನೆಗೆ ಜಗಳ ಬರುವುದಿಲ್ಲ.

ವಿಡಿಯೋ ನೋಡುವುದಕ್ಕೂ ಒಂದು ಕ್ರಮ ಇದೆ. ಮೊದಲ ಸಲ ಪೆನ್ ಕೆಳಗಿಟ್ಟು ಸುಮ್ನೆ ನೋಡಲಿ. ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ ಐದು ಸಾಲು ಬರೆದುಕೊಳ್ಳಲಿ: ಪಾಠದ ಹೆಸರು, ಮುಖ್ಯವಾದ ಮೂರು ಮಾತು, ಅರ್ಥವಾಗದ ಒಂದು ಮಾತು. ಇದಕ್ಕಿಂತ ಜಾಸ್ತಿ ಬೇಡ. ಪರದೆಯಲ್ಲಿ ಬಂದದ್ದನ್ನೆಲ್ಲ ನಕಲು ಮಾಡಲು ಕೂತರೆ ಗಂಟೆ ಕೈಯಿಂದ ಜಾರಿಹೋಗುತ್ತದೆ, ತಲೆಗೆ ಏನೂ ಹತ್ತಿರುವುದಿಲ್ಲ.

ಕೊನೆಯ 10 ನಿಮಿಷ ಹಿಂದಿನ ದಿನದ ಕೆಲಸ ಕಳಿಸಲು. ಹಾಳೆಯನ್ನು ನೆಲದ ಮೇಲೆ ಚಪ್ಪಟೆಯಾಗಿ ಇಡಿ. ಬೆಳಕು ಪಕ್ಕದಿಂದ ಬರಲಿ, ಫೋನಿನ ನೆರಳು ಹಾಳೆಯ ಮೇಲೆ ಬೀಳದಿರಲಿ. ತೆಳು ಪೆನ್ಸಿಲ್ ಬರಹ ಫೋಟೋದಲ್ಲಿ ಮಾಯವಾಗುತ್ತದೆ, ಆದ್ದರಿಂದ ಕಳಿಸುವ ಹಾಳೆ ಗಾಢವಾಗಿರಲಿ. ಓದಿ ತೋರಿಸು ಅಂತ ಟೀಚರ್ ಕೇಳಿದ್ದರೆ ವಿಡಿಯೋ ಬದಲು ಒಂದು ನಿಮಿಷದ ಧ್ವನಿ ಸಂದೇಶ ಕಳಿಸಿ. ಡೇಟಾ ಎಷ್ಟೋ ಕಡಿಮೆ ಸಾಕು, ಟೀಚರಿಗೆ ಬೇಕಾದ ಉಚ್ಚಾರಣೆ ಅದರಲ್ಲೇ ಇರುತ್ತದೆ.

ಇನ್ನೊಂದು ಕೆಲಸ ಮೊದಲ ದಿನವೇ ಮಾಡಿ. ವಾಟ್ಸಾಪ್‌ನಲ್ಲಿ `Settings` ಒಳಗೆ `Storage and data`, ಅದರಲ್ಲಿ `Media auto-download` ತೆರೆದು ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಇಲ್ಲದಿದ್ದರೆ ಮೂರು ತರಗತಿಯ ಗುಂಪುಗಳಿಂದ ಬಂದ ಎಲ್ಲವೂ ಇಳಿದು, ಬೇಕಾದ ಪಾಠಕ್ಕೆ ಡೇಟಾವೂ ಇರುವುದಿಲ್ಲ, ಫೋನಿನಲ್ಲಿ ಜಾಗವೂ ಇರುವುದಿಲ್ಲ.

ಹಗಲು: ಎಷ್ಟು ಹೊತ್ತು, ಯಾವಾಗ

ಶಾಲೆಯ ವೇಳಾಪಟ್ಟಿಯನ್ನು ಮನೆಗೆ ತರಲು ಹೋಗಬೇಡಿ, ಅದು ಮೂರು ದಿನವೂ ನಿಲ್ಲುವುದಿಲ್ಲ. 1ನೇ ತರಗತಿಯವಳಿಗೆ 15 ನಿಮಿಷದ ಮೂರು ಪಾಳಿ ಸಾಕು. 4ನೇ ತರಗತಿಯವನಿಗೆ 25 ನಿಮಿಷದ ನಾಲ್ಕು. ದೊಡ್ಡವಳಿಗೆ ಎಲ್ಲ ಸೇರಿ ಮೂರು ಗಂಟೆ. ಗಡಿಯಾರದ ಬದಲು ಮನೆಯ ಕೆಲಸಕ್ಕೆ ಪಾಠವನ್ನು ಗಂಟು ಹಾಕಿ. ಸ್ನಾನ ಆದ ಮೇಲೆ ಓದು, ಊಟಕ್ಕೆ ಮುಂಚೆ ಲೆಕ್ಕ, ಬಟ್ಟೆ ಮಡಚುವಾಗ ಮಗ್ಗಿ. ಹೀಗೆ ಕಟ್ಟಿದರೆ ನೆನಪಿಸುವ ಕೆಲಸ ತಾನಾಗಿ ಕಡಿಮೆಯಾಗುತ್ತದೆ.

ಚಿಕ್ಕವಳಿಗೆ ದಿನವೂ ಆರು ಪದದ ಉಕ್ತಲೇಖನ. ಅಕ್ಕ ಹೇಳುತ್ತಾಳೆ, ತಂಗಿ ಬರೆಯುತ್ತಾಳೆ. ಆದರೆ ತಿದ್ದುವುದು ಅಕ್ಕ ಅಲ್ಲ. ಪುಸ್ತಕ ತೆರೆದು, ಒಂದೊಂದು ಪದದ ಮೇಲೂ ಬೆರಳಿಟ್ಟು ತಂಗಿಯೇ ಹೋಲಿಸಿ ತಿದ್ದಬೇಕು. ತನ್ನ ತಪ್ಪನ್ನು ತಾನೇ ಕಂಡುಹಿಡಿದಾಗ ಆ ಒತ್ತು ಮತ್ತೆ ಮರೆಯುವುದಿಲ್ಲ. ಅಕ್ಕನ ಕೆಲಸ ಅಲ್ಲಿಗೆ 10 ನಿಮಿಷದಲ್ಲಿ ಮುಗಿಯುತ್ತದೆ. ಹಾಗೆ ಮುಗಿಯಲೇಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಂದು ಲೆಕ್ಕ, ಮೂರು ದಿನ

ನಡುವಿನವನ ಚೀಟಿಯಲ್ಲಿ ಒಂದು ದಿನ ಐದು ಕಳೆಯುವ ಲೆಕ್ಕ ಇದ್ದವು. ಸಂಜೆ ನೋಡಿದರೆ ಎರಡು ಸರಿ, ಮೂರು ತಪ್ಪು. 58ರಲ್ಲಿ 23 ಕಳೆದರೆ 35, ಸರಿ. 79ರಲ್ಲಿ 45 ಕಳೆದರೆ 34, ಸರಿ. ಆದರೆ 52ರಲ್ಲಿ 27 ಕಳೆದು 35 ಅಂತ ಬರೆದಿದ್ದ. 64ರಲ್ಲಿ 38 ಕಳೆದು 34. 81ರಲ್ಲಿ 46 ಕಳೆದು 45.

ಮಾಮೂಲಾಗಿ ಆದರೆ ಮೂರಕ್ಕೂ ತಪ್ಪು ಗುರುತು ಹಾಕಿ ‘ಗಮನ ಕೊಟ್ಟು ಮಾಡು’ ಅನ್ನುತ್ತೇವೆ ಅಲ್ವಾ? ನಾನೂ ಅನ್ನುವವಳಿದ್ದೆ. ಬದಲಿಗೆ, ‘ಬಾಯಲ್ಲಿ ಹೇಳುತ್ತಾ ಮಾಡು, ನಾನು ಕೇಳ್ತೀನಿ’ ಅಂದೆ. ಅವನು ಹೇಳಿದ್ದು: ‘2ರಲ್ಲಿ 7 ಹೋಗಲ್ಲ, ಅದಕ್ಕೆ 7ರಲ್ಲಿ 2 ತೆಗೆದೆ, 5. ಆಮೇಲೆ 5ರಲ್ಲಿ 2 ತೆಗೆದೆ, 3.’ ಅಂದರೆ ಅವನು ಗಮನ ಕೊಟ್ಟೇ ಮಾಡಿದ್ದ. ದೊಡ್ಡದರಲ್ಲಿ ಸಣ್ಣದನ್ನು ತೆಗೆಯಬೇಕು ಅನ್ನುವ ತಪ್ಪು ನಿಯಮ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಇದನ್ನು ಗುರುತಿಸುವುದು ಸುಲಭ. ಐದರಲ್ಲಿ ಒಂದು ತಪ್ಪಾಗಿ, ಮತ್ತೆ ಮಾಡಿದಾಗ ಸರಿಹೋದರೆ ಅದು ಕೈತಪ್ಪು. ಒಂದೇ ಬಗೆಯ ಲೆಕ್ಕಗಳೆಲ್ಲ ಒಂದೇ ರೀತಿ ತಪ್ಪಿದರೆ ಅದು ತಪ್ಪು ತಿಳಿವಳಿಕೆ. ಕೈತಪ್ಪಿಗೆ ಇನ್ನಷ್ಟು ಅಭ್ಯಾಸ ಕೊಡಬಹುದು. ತಪ್ಪು ತಿಳಿವಳಿಕೆಗೆ ಅಭ್ಯಾಸ ಕೊಟ್ಟರೆ ಅದು ಇನ್ನೂ ಗಟ್ಟಿಯಾಗುತ್ತದೆ. ಹಾಗಾಗಿಯೇ ಇಪ್ಪತ್ತು ಲೆಕ್ಕ ಕೊಡುವ ಬದಲು ಐದು ಕೊಟ್ಟು, ಒಂದನ್ನು ಹೇಳಿಸಿ ಕೇಳುವುದು ಒಳ್ಳೆಯದು. ಆ ಐದರಲ್ಲಿ ದಶಕ ತೆಗೆಯಬೇಕಿಲ್ಲದ ಎರಡು ಲೆಕ್ಕ ಇರಲಿ, ಆಗ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ತಿದ್ದಲು ಮೂರು ದಿನ ಹಿಡಿಯಿತು. ಮೊದಲ ದಿನ ಕಾಗದವೇ ಇಲ್ಲ, ಕಡ್ಡಿಗಳು ಮಾತ್ರ. ಹತ್ತು ಹತ್ತರ ಐದು ಕಟ್ಟು, ಜೊತೆಗೆ ಬಿಡಿ ಎರಡು. ‘ಇದರಲ್ಲಿ ನನಗೆ 27 ಕೊಡು’ ಅಂದೆ. ಎರಡು ಕಟ್ಟು ಕೊಟ್ಟ. ಇನ್ನು 7 ಬಿಡಿ ಬೇಕು, ಅವನ ಹತ್ತಿರ ಇರುವುದು ಎರಡೇ. ಸ್ವಲ್ಪ ಹೊತ್ತು ಕಡ್ಡಿಗಳನ್ನೇ ನೋಡುತ್ತಾ ಕೂತ. ನಾನು ಬಾಯಿ ಬಿಡಲಿಲ್ಲ. ಆಮೇಲೆ ಒಂದು ಕಟ್ಟಿನ ದಾರ ಬಿಚ್ಚಿದ. ಬಿಡಿ 12 ಆಯಿತು, 7 ಕೊಟ್ಟ, 5 ಉಳಿಯಿತು. ಕಟ್ಟು ಎಣಿಸಿ ‘ಎರಡು ಕಟ್ಟು, ಐದು ಬಿಡಿ, 25!’ ಅಂದ. 25ಕ್ಕೆ 27 ಕೂಡಿಸಿ 52 ಬರುತ್ತದೆಯೇ ಅಂತ ತಾನೇ ನೋಡಿಕೊಂಡ.

ಎರಡನೇ ದಿನ ಕಡ್ಡಿ ಬದಲು ಕಾಗದದ ಮೇಲೆ ಚಿತ್ರ. ಕಟ್ಟಿಗೆ ಉದ್ದ ಗೀಟು, ಬಿಡಿಗೆ ಚುಕ್ಕಿ. ಒಂದು ಗೀಟನ್ನು ಹೊಡೆದುಹಾಕಿ ಹತ್ತು ಚುಕ್ಕಿ ಬರೆಯಬೇಕು. ಮೂರನೇ ದಿನ ಅಂಕಿ ಮಾತ್ರ. ಕೊನೆಗೆ 70ರಲ್ಲಿ 38 ಕಳೆ ಅಂತ ಕೊಟ್ಟೆ. ಹಳೆಯ ನಿಯಮ ಇನ್ನೂ ಉಳಿದಿದ್ದರೆ 48 ಬರುತ್ತದೆ. ಅವನಿಗೆ 32 ಬಂತು. 403ರಂಥ, ನಡುವೆ ಸೊನ್ನೆ ಇರುವ ಲೆಕ್ಕ ಮುಂದಿನ ವಾರಕ್ಕೆ ಬಿಟ್ಟೆವು. ಒಂದೇ ವಾರದಲ್ಲಿ ಎರಡನ್ನೂ ತಂದರೆ ಮೊದಲನೆಯದೂ ಕೈಬಿಡುತ್ತದೆ.

ಓದು ಬಾರದ ಅಜ್ಜಿಯೂ ಪಾಠ ಕೇಳಬಹುದು

ಮನೆಯಲ್ಲಿ ಹಗಲು ಇರುವವರಿಗೆ ಓದು ಬರುವುದಿಲ್ಲ ಅಂದರೆ ಪಾಠ ನಿಲ್ಲಬೇಕಿಲ್ಲ. ಕಿವಿಯಿಂದ ತಿಳಿಯುವುದು ಬಹಳ ಇದೆ. ಮಗು ಒಂದೇ ಪುಟವನ್ನು ಎರಡು ಸಲ ಗಟ್ಟಿಯಾಗಿ ಓದಲಿ. ಎರಡನೇ ಸಲ ಕಡಿಮೆ ತಡವರಿಸಿತೇ ಅಂತ ಯಾರಾದರೂ ಹೇಳಬಹುದು. ನಿಂತ ಪ್ರತಿ ಜಾಗಕ್ಕೂ ಅಜ್ಜಿ ಒಂದು ಕಲ್ಲು ಪಕ್ಕಕ್ಕೆ ಇಡುತ್ತಿದ್ದರು. ಮೊದಲ ಓದಿಗೆ 9 ಕಲ್ಲು, ಎರಡನೆಯದಕ್ಕೆ 4. ಮೂರು ಸಲ ಓದಿದರೂ ಕಲ್ಲು ಕಡಿಮೆ ಆಗದಿದ್ದರೆ ಆ ಪುಟ ಮಗುವಿಗೆ ಕಷ್ಟ ಅಂತ ಅರ್ಥ, ಒಂದು ಮೆಟ್ಟಿಲು ಕೆಳಗಿನದು ಕೊಡಬೇಕು. ಎರಡನೇ ಸಲ ಸರಾಗವಾಯಿತು ಅಂದರೆ ಪುಟ ಬಾಯಿಪಾಠ ಆಗಿರಬಹುದು. ಅನುಮಾನ ಬಂದರೆ ನಡುವಿನ ಒಂದು ಸಾಲಿಗೆ ಬೆರಳಿಟ್ಟು ‘ಇಲ್ಲಿಂದ ಓದು’ ಅನ್ನಿ, ಗೊತ್ತಾಗುತ್ತದೆ.

ದೊಡ್ಡವಳ ಕೆಲಸ ಬೇರೆ. ದಿನಕ್ಕೊಂದು ಪಾಠವನ್ನು ಪುಸ್ತಕ ಮುಚ್ಚಿ ಮೂರು ನಿಮಿಷದಲ್ಲಿ ಅಜ್ಜಿಗೆ ಹೇಳಬೇಕು, ಅಜ್ಜಿ ಒಂದಾದರೂ ಪ್ರಶ್ನೆ ಕೇಳಬೇಕು. ಒಂದು ದಿನ ಪಾಠ ನೀರು ಆವಿಯಾಗುವುದರ ಬಗ್ಗೆ. ‘ನೀರು ಕಾದು ಕುದ್ದಾಗ ಆವಿಯಾಗುತ್ತೆ ಅಜ್ಜಿ’ ಅಂದಳು. ಅಜ್ಜಿ ಕೇಳಿದರು: ‘ಒದ್ದೆ ಬಟ್ಟೆ ಕುದಿಯೋದೇ ಇಲ್ವಲ್ಲ ಮಗಾ, ಅದು ಹೆಂಗೆ ಒಣಗುತ್ತೆ?’ ಅವಳಿಗೆ ಉತ್ತರ ಬರಲಿಲ್ಲ. ಹೋಗಿ ಪುಸ್ತಕ ತೆರೆದಳು. ಆವಿಯಾಗುವುದು ಯಾವ ಬಿಸಿಯಲ್ಲಾದರೂ ನೀರಿನ ಮೇಲ್ಮೈಯಲ್ಲಿ ನಡೆಯುತ್ತಲೇ ಇರುತ್ತದೆ, ಕುದಿಯುವುದು ಒಂದು ನಿರ್ದಿಷ್ಟ ಬಿಸಿ ಮುಟ್ಟಿದಾಗ ನೀರಿನ ಒಳಗೆಲ್ಲ ಆಗುತ್ತದೆ ಅಂತ ಎರಡನೇ ಸಲ ಓದಿದಾಗ ಅವಳಿಗೆ ಹೊಳೆಯಿತು. ಹೀಗೆ ಹೇಳುವಾಗ ‘ಅದೇನೋ ಒಂದು’, ‘ಹಾಗೇ ಆಗುತ್ತೆ’ ಅನ್ನುವ ಮಾತು ಬಂದರೆ ಅಲ್ಲೇ ಪಾಠ ಅರ್ಥವಾಗಿಲ್ಲ. ಆ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ ಮರುದಿನ ಅಲ್ಲಿಂದ ಶುರು ಮಾಡಲಿ.

ಮೂರು ಲಕೋಟೆ

ನೆನಪಿಟ್ಟುಕೊಳ್ಳಬೇಕಾದ ಮಗ್ಗಿ, ಇಂಗ್ಲಿಷ್ ಪದ, ಸೂತ್ರಗಳಿಗೆ ಒಂದು ಹಳೆಯ ಉಪಾಯ ಇದೆ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಅನ್ನುವವರು ಪ್ರಚಾರಕ್ಕೆ ತಂದದ್ದು. ಬಳಸಿದ ಹಾಳೆಗಳನ್ನು ಅಂಗೈ ಅಗಲದ ಚೂರು ಮಾಡಿ, ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ ಬರೆಯಿರಿ. ಮೂರು ಲಕೋಟೆ ಮಾಡಿ. ಮೊದಲನೆಯದನ್ನು ದಿನವೂ, ಎರಡನೆಯದನ್ನು ದಿನ ಬಿಟ್ಟು ದಿನ, ಮೂರನೆಯದನ್ನು ವಾರಕ್ಕೊಮ್ಮೆ ಕೇಳಿ. ಉತ್ತರ ಸರಿಯಾದರೆ ಚೀಟಿ ಮುಂದಿನ ಲಕೋಟೆಗೆ ಹೋಗುತ್ತದೆ. ತಪ್ಪಾದರೆ ಎಲ್ಲಿದ್ದರೂ ಮೊದಲನೆಯದಕ್ಕೆ ವಾಪಸ್.

ದಿನಕ್ಕೆ ಐದು ಹೊಸ ಚೀಟಿ ಸಾಕು. ಮೊದಲ ಲಕೋಟೆಯಲ್ಲಿ 20ಕ್ಕಿಂತ ಜಾಸ್ತಿ ಸೇರಿದರೆ ಹೊಸದು ನಿಲ್ಲಿಸಿ, ಇರುವುದು ಕರಗಲಿ. ಉತ್ತರ ಬಾಯಲ್ಲಿ ಹೇಳಿದ ಮೇಲೆಯೇ ಚೀಟಿ ತಿರುಗಿಸಬೇಕು. ಮೊದಲೇ ತಿರುಗಿಸಿ ‘ಹೌದು, ಗೊತ್ತಿತ್ತು’ ಅಂದುಕೊಳ್ಳುವುದು ಎಲ್ಲ ಮಕ್ಕಳೂ ಮಾಡುತ್ತಾರೆ. ಓದಲು ಬಾರದವರು ಕೇಳಿಸುವಾಗ ಇದನ್ನೊಂದು ನೋಡಿಕೊಂಡರೆ ಸಾಕು.

ವಾರಕ್ಕೊಂದು ಕರೆ

2020ರಲ್ಲಿ ಬೋಟ್ಸ್‌ವಾನಾ ದೇಶದಲ್ಲಿ ಶಾಲೆಗಳು ಮುಚ್ಚಿದ್ದಾಗ ಸಾವಿರಾರು ಮನೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಎಸ್‌ಎಂಎಸ್‌ನಲ್ಲಿ ಲೆಕ್ಕ ಮಾತ್ರ ಕಳಿಸಿದರು. ಇನ್ನು ಕೆಲವಕ್ಕೆ ಲೆಕ್ಕದ ಜೊತೆ ಸುಮಾರು 20 ನಿಮಿಷದ ಕರೆಯನ್ನೂ ಮಾಡಿದರು. ಕರೆ ಬಂದ ಮನೆಯ ಮಕ್ಕಳು ಲೆಕ್ಕದಲ್ಲಿ ಮುಂದೆ ಹೋದರು. ಬರೀ ಎಸ್‌ಎಂಎಸ್‌ನಿಂದ ಅಂಥ ಫಲ ಸಿಗಲಿಲ್ಲ. ಸಾದಾ ಫೋನ್ ಇದ್ದರೂ ಇದು ಆಗುತ್ತದೆ ಅನ್ನುವುದು ನನಗೆ ಮುಖ್ಯವಾಗಿ ಕಂಡಿತು.

ಆದ್ದರಿಂದ ಟೀಚರಿಗೆ ನಿಮ್ಮ ಪರಿಸ್ಥಿತಿ ಬಿಡಿಸಿ ಹೇಳಿ. ನಾನು ಕಳಿಸಿದ್ದು ಹೀಗೆ: ‘ನಮಸ್ಕಾರ ಮೇಡಂ. ನಮ್ಮಲ್ಲಿ ಮೂವರು ಮಕ್ಕಳಿಗೆ ಒಂದೇ ಫೋನ್, ಸಂಜೆ 7ರಿಂದ 8ರವರೆಗೆ ಮಾತ್ರ ಅವರ ಕೈಗೆ ಸಿಗುತ್ತದೆ. ವಾರದ ಕೆಲಸವನ್ನು ಒಂದೇ ಸಂದೇಶದಲ್ಲಿ, ಪುಸ್ತಕದ ಪುಟ ಸಂಖ್ಯೆ ಹಾಕಿ ಕಳಿಸಿದರೆ ಹಗಲಲ್ಲಿ ಕಾಗದದ ಮೇಲೆ ಮಾಡಿಸುತ್ತೇವೆ. ವಾರಕ್ಕೊಮ್ಮೆ ಹತ್ತು ನಿಮಿಷ ಮಗುವಿನ ಜೊತೆ ಮಾತಾಡಲು ನಿಮಗೆ ಯಾವ ಹೊತ್ತು ಅನುಕೂಲ?’ ಮೂವರಲ್ಲಿ ಇಬ್ಬರು ಟೀಚರ್ ಒಪ್ಪಿದರು. ಕರೆಗೆ ಮುಂಚೆ, ಅರ್ಥವಾಗದ್ದನ್ನು ಮಗು ಎರಡು ಪ್ರಶ್ನೆಯಾಗಿ ಬರೆದಿಟ್ಟುಕೊಂಡಿರಲಿ. ಇಲ್ಲದಿದ್ದರೆ ‘ಚೆನ್ನಾಗಿ ಓದ್ತಿದ್ದೀಯಾ?’ ‘ಹೂಂ ಮೇಡಂ’ ಅನ್ನುವಷ್ಟರಲ್ಲಿ ಕರೆ ಮುಗಿಯುತ್ತದೆ.

ಎಲ್ಲಿ ಕೆಡುತ್ತದೆ

ಸುಮಾರು ಮೂರನೇ ವಾರಕ್ಕೆ ಕೆಡುತ್ತದೆ. ನಮ್ಮಲ್ಲಿ ಮೊದಲು ಕೆಟ್ಟದ್ದು ದೊಡ್ಡವಳ ಓದು. ತಮ್ಮ ತಂಗಿಗೆ ಹೇಳಿಕೊಡುವುದರಲ್ಲೇ ಅವಳ ಹಗಲು ಮುಗಿಯುತ್ತಿತ್ತು. ಅವಳ ಚೀಟಿ ಎರಡು ದಿನ ಹಾಗೇ ಖಾಲಿ ಬಂದಾಗ ನನಗೆ ಗೊತ್ತಾಯಿತು. ಅಂದಿನಿಂದ ಅವಳು ಹೇಳಿಕೊಡುವುದು ದಿನಕ್ಕೆ ಒಟ್ಟು 30 ನಿಮಿಷ ಮಾತ್ರ ಅಂತ ಗೆರೆ ಎಳೆದೆವು. ಹೆಣ್ಣುಮಗು ದೊಡ್ಡದಾಗಿದ್ದರೆ ಮನೆಗೆಲಸವೂ ಅದರ ತಲೆಯ ಮೇಲೆ ಬೀಳುತ್ತದೆ, ಇದನ್ನು ಮನೆಯ ದೊಡ್ಡವರೇ ಕಣ್ಣಿಟ್ಟು ತಡೆಯಬೇಕು.

ಎರಡನೆಯದು, ಹಾಳೆಗಳು ನೋಡದೆ ರಾಶಿ ಬೀಳುವುದು. ಯಾರೂ ನೋಡುವುದಿಲ್ಲ ಅಂತ ಗೊತ್ತಾದ ದಿನವೇ ಮಗು ಬರೆಯುವುದು ಬಿಡುತ್ತದೆ. ಎಲ್ಲವನ್ನೂ ತಿದ್ದಲು ನಿಮಗೆ ಆಗುವುದಿಲ್ಲ, ತಿದ್ದಬೇಕಾಗಿಯೂ ಇಲ್ಲ. ಒಬ್ಬೊಬ್ಬರದು ಒಂದೇ ಹಾಳೆ ತೆಗೆದು, ಒಂದು ಪ್ರಶ್ನೆ ಕೇಳಿ, ತಾರೀಕು ಹಾಕಿ. ಮೂವರಿಗೂ ಸೇರಿ 10 ನಿಮಿಷ ಸಾಕು.

ಈ ಕ್ರಮಕ್ಕೆ ಮಿತಿಯೂ ಇದೆ. ಹೊಸ ಭಾಷೆಯ ಉಚ್ಚಾರಣೆ, ಪ್ರಯೋಗ ಮಾಡಿ ನೋಡಬೇಕಾದ ವಿಜ್ಞಾನ, 8ನೇ ತರಗತಿ ದಾಟಿದ ಮೇಲಿನ ಬೀಜಗಣಿತ ಇವು ಬರೀ ಕಾಗದದಿಂದ ಬರುವುದು ಕಷ್ಟ. ಸಂಜೆಯ ಫೋನ್ ಸಮಯವನ್ನು ಇವಕ್ಕೇ ಕಾದಿರಿಸಿ. ಕಿವಿ ಅಥವಾ ಕಣ್ಣಿನ ತೊಂದರೆ ಇರುವ ಮಗುವಿಗೆ ಏನು ಕೊಡಬೇಕು ಅಂತ ಟೀಚರನ್ನು ಕೇಳಿಯೇ ಕೆಲಸ ಬದಲಿಸಿ.

ನಾಲ್ಕು ವಾರಕ್ಕೊಮ್ಮೆ ಮೊದಲ ದಿನದ ಆ ಹಾಳೆಯನ್ನು ತೆಗೆದು, ಅದೇ ಮೆಟ್ಟಿಲುಗಳನ್ನು ಬೇರೆ ಪದ, ಬೇರೆ ಲೆಕ್ಕ ಕೊಟ್ಟು ಮತ್ತೆ ಕೇಳಿ. ಪಕ್ಕದಲ್ಲಿ ಹೊಸ ತಾರೀಕು ಹಾಕಿ. ಚಿಕ್ಕವಳ ಹಾಳೆಯಲ್ಲಿ ಮೊದಲು ‘ಅಕ್ಕ, ಪುಸ್ತಕ ಓದಲಿಲ್ಲ’ ಅಂತಿತ್ತು. ಎರಡನೇ ತಾರೀಕಿನ ಕೆಳಗೆ ‘ಅಕ್ಕ, ಹಣ್ಣು, ಬೆಟ್ಟ ಓದಿದಳು, ಪುಸ್ತಕ, ಚಂದ್ರ ಇನ್ನೂ ಇಲ್ಲ’ ಅಂತ ಬರೆದೆ. ಅದೇ ಅಕ್ಷರದ ಒತ್ತು ಬಂದಿತ್ತು, ಬೇರೆ ಅಕ್ಷರದ ಒತ್ತು ಬರಬೇಕಿತ್ತು. ಶಾಲೆ ತೆರೆದ ಮೊದಲ ದಿನ ಮೂರೂ ಹಾಳೆಗಳನ್ನು ಅವರವರ ಟೀಚರ ಕೈಗೆ ಕೊಟ್ಟೆವು. ಚಿಕ್ಕವಳ ಟೀಚರ್ ಅದನ್ನು ಓದಿ, ಅವಳಿಗೆ ‘ಸ್ತ’ ಅಕ್ಷರದಿಂದ ಶುರು ಮಾಡಿದರು.